ಪ್ರಶ್ನೆ ಕೇಳುವ ಪದದಲ್ಲೇ ಸಿಗಬೇಕು ಪುಟ

ಪುಸ್ತಕ ನೋಡಿಕೊಂಡು ಉತ್ತರಿಸಬಹುದು ಎಂದರೆ ಅರ್ಧ ಭಾರ ಇಳಿದಂತೆ ಅನ್ನಿಸುತ್ತದೆ. ಸೈಬರ್ ಭದ್ರತೆಯ ಕೆಲಸದಲ್ಲಿರುವವರು ಬರೆಯುವ ಜಿಯಾಕ್ ಸಂಸ್ಥೆಯ ಪರೀಕ್ಷೆಗಳಲ್ಲಿ ಆ ಅವಕಾಶವಿದೆ. ಮುದ್ರಿತ ಪುಸ್ತಕ, ಸ್ವಂತ ಟಿಪ್ಪಣಿ, ಪದಸೂಚಿ ಎಲ್ಲವನ್ನೂ ಒಳಗೆ ಒಯ್ಯಬಹುದು. ಮೊಬೈಲು, ಲ್ಯಾಪ್‌ಟಾಪ್ ಮಾತ್ರ ಕೂಡದು. ಜಿಸೆಕ್ ಪರೀಕ್ಷೆಯಲ್ಲಿ 106 ಪ್ರಶ್ನೆಗಳಿಗೆ 4 ಗಂಟೆ. ಒಂದಕ್ಕೆ ಸಿಗುವುದು ಸುಮಾರು 2 ನಿಮಿಷ 15 ಸೆಕೆಂಡು. ಪ್ರಶ್ನೆ ಓದಿ ಯೋಚಿಸುವುದೂ ಅದರೊಳಗೇ ಆಗಬೇಕು.

ಕಂಪ್ಯೂಟರಿನಲ್ಲಿರುವ ಟಿಪ್ಪಣಿಯಲ್ಲಾದರೆ ಒಂದು ಪದ ಟೈಪಿಸಿ ಹುಡುಕಬಹುದು. ಕಾಗದದ ಮೇಲೆ ಆ ಕೆಲಸವನ್ನು ಪದಸೂಚಿಯೇ ಮಾಡಬೇಕು. ಅದಕ್ಕಾಗಿ ಅನುಭವಸ್ಥರು ಟಿಪ್ಪಣಿಯನ್ನು ಮೊದಲಿನಿಂದಲೇ ಎಕ್ಸೆಲ್ ಹಾಳೆಯಲ್ಲಿ ಟೈಪ್ ಮಾಡುತ್ತಾರೆ. ಒಂದು ವಿಷಯಕ್ಕೆ ಒಂದು ಸಾಲು. ಸಾಲಿಗೆ ನಾಲ್ಕು ಮನೆ: ಪದ, ಪುಸ್ತಕದ ಸಂಖ್ಯೆ, ಪುಟ, ಒಂದೇ ಸಾಲಿನ ವಿವರ. ಓದು ಮುಗಿದ ಮೇಲೆ ಅಕ್ಷರಕ್ರಮದಲ್ಲಿ ಜೋಡಿಸಿದರೆ ಟಿಪ್ಪಣಿಯೇ ಪದಸೂಚಿಯಾಗುತ್ತದೆ.

ಆದರೆ ಹಾಗೆ ಜೋಡಿಸಿದ ಮೊದಲ ಸೂಚಿ ಸಾಮಾನ್ಯವಾಗಿ ಕೈಕೊಡುತ್ತದೆ. ಕಾರಣ, ಅದರಲ್ಲಿರುವುದು ಪುಸ್ತಕದ ಅಧ್ಯಾಯಗಳು ಬಳಸಿದ ಪದಗಳು. ಪ್ರಶ್ನೆ ಬರುವುದು ಬೇರೆಯೇ ಬಾಗಿಲಿನಿಂದ.

ಒಂದು ಉದಾಹರಣೆ ನೋಡೋಣ. ಕಂಪ್ಯೂಟರಿನ ಯಾವ ಪೋರ್ಟು ತೆರೆದಿದೆ, ಯಾವುದು ಮುಚ್ಚಿದೆ ಎಂದು ಜಾಲದ ಮೂಲಕ ತಟ್ಟಿ ನೋಡುವುದಕ್ಕೆ ಸ್ಕ್ಯಾನ್ ಎನ್ನುತ್ತಾರೆ. ಯುಡಿಪಿ ಎಂಬ ಬಗೆಯ ಸ್ಕ್ಯಾನಿನಲ್ಲಿ ಪೋರ್ಟು ಮುಚ್ಚಿದ್ದರೆ ಎದುರಿನ ಯಂತ್ರ ‘ಈ ಪೋರ್ಟು ತಲುಪಲಾಗದು’ ಎಂಬ ಐಸಿಎಂಪಿ ಸಂದೇಶ ಕಳಿಸುತ್ತದೆ. ಉತ್ತರವೇ ಬಾರದಿದ್ದರೆ ಪೋರ್ಟು ತೆರೆದಿದೆಯೋ, ಫೈರ್‌ವಾಲ್ ತಡೆದಿದೆಯೋ ಹೇಳಲಾಗದು. ಈ ಸಂಗತಿ 3ನೇ ಪುಸ್ತಕದ 47ನೇ ಪುಟದಲ್ಲಿದೆ ಎಂದುಕೊಳ್ಳೋಣ. ಓದಿದವರು ‘UDP scan’ ಎಂದಷ್ಟೇ ಬರೆದುಕೊಂಡಿರುತ್ತಾರೆ. ಪ್ರಶ್ನೆಯೋ ಐಸಿಎಂಪಿ ಸಂದೇಶವನ್ನು ಮುಂದಿಟ್ಟು, ಇದರ ಅರ್ಥವೇನು ಎಂದು ಕೇಳುತ್ತದೆ. ‘I’ ಅಕ್ಷರದ ಕೆಳಗೆ ಹುಡುಕಿದವರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಅದೇ ಪುಟಕ್ಕೆ ಮೂರು ಕಡೆಯಿಂದ ದಾರಿ ಬೇಕು:

```
Term              Book  Page  Note
ICMP unreachable  3     47    type 3 code 3: UDP port closed
nmap -sU          3     47    no reply: open|filtered
UDP scan          3     47    closed: ICMP type 3 code 3
```

ಕೊನೆಯ ಮನೆಯಲ್ಲಿರುವ ವಿವರದಿಂದ ಎಷ್ಟೋ ಸಲ ಪುಸ್ತಕ ತೆರೆಯುವ ಅಗತ್ಯವೇ ಬೀಳುವುದಿಲ್ಲ. ಸೆಕೆಂಡುಗಳು ಉಳಿಯುವುದು ಅಲ್ಲಿಯೇ. ಹಾಗೆಂದು ವಿವರವನ್ನು ಎರಡು ಮೂರು ಸಾಲಿಗೆ ಬೆಳೆಸಿದರೆ ಸೂಚಿ ದಪ್ಪವಾಗುತ್ತದೆ, ಕಣ್ಣು ಓಡಿಸುವುದು ನಿಧಾನವಾಗುತ್ತದೆ.

ಎಕ್ಸೆಲ್‌ನಿಂದಲೂ ತೊಂದರೆಗಳುಂಟು. ಪುಸ್ತಕ ಮತ್ತು ಪುಟವನ್ನು ಒಂದೇ ಮನೆಯಲ್ಲಿ `3-47` ಎಂದು ಟೈಪ್ ಮಾಡಿದರೆ ಅದು ತಾರೀಖಾಗಿ ಬದಲಾಗಬಹುದು. `3.40` ಎಂದರೆ ಕೊನೆಯ ಸೊನ್ನೆ ಮಾಯವಾಗಿ `3.4` ಉಳಿಯುತ್ತದೆ. 40ನೇ ಪುಟ ಹುಡುಕಬೇಕಾದವರು 4ನೇ ಪುಟ ತೆರೆಯುತ್ತಾರೆ. ಎರಡಕ್ಕೂ ಪ್ರತ್ಯೇಕ ಮನೆ ಇಟ್ಟರೆ ಈ ಗೋಜಿಲ್ಲ. ಇನ್ನು `/etc/passwd` ಎಂಬಂಥ ಪದಗಳು ಓರೆಗೆರೆಯಿಂದಾಗಿ A ಅಕ್ಷರಕ್ಕಿಂತ ಮೊದಲೇ, ಚಿಹ್ನೆಗಳ ಗುಂಪಿನಲ್ಲಿ ಹೋಗಿ ಕೂರುತ್ತವೆ. ಅವಸರದಲ್ಲಿ ಕೈ ಹೋಗುವುದು P ಅಕ್ಷರಕ್ಕೆ. ಅಲ್ಲಿಯೂ `passwd` ಎಂದು ಇನ್ನೊಂದು ಸಾಲು ಬೇಕು.

ಸೂಚಿ ಕೆಲಸ ಮಾಡುತ್ತದೆಯೇ ಎಂದು ಗೊತ್ತಾಗುವುದು ಅಭ್ಯಾಸ ಪರೀಕ್ಷೆಯಲ್ಲಿ. ಹಾಗಾಗಿ ಅದನ್ನು ಮುದ್ರಿಸಿ, ಸ್ಪೈರಲ್ ಬೈಂಡ್ ಮಾಡಿಸಿ, ಅಕ್ಷರಕ್ಕೊಂದು ಬಣ್ಣದ ಚೀಟಿ ಅಂಟಿಸಿ, ನಿಜವಾದ ಪರೀಕ್ಷೆಯಂತೆ ಗಡಿಯಾರ ಮುಂದಿಟ್ಟುಕೊಂಡು ಕೂರಬೇಕು. ಪಕ್ಕದಲ್ಲಿ ಒಂದು ಖಾಲಿ ಹಾಳೆ. ಸೂಚಿಯಲ್ಲಿ ಹುಡುಕಿಯೂ ಸಿಗದ ಪ್ರತಿ ಪದವನ್ನು ಅದರಲ್ಲಿ ಗುರುತು ಹಾಕಬೇಕು. ಪದವನ್ನು ಮಾತ್ರ, ಪ್ರಶ್ನೆಯನ್ನೇ ನಕಲು ಮಾಡಿಕೊಳ್ಳುವಂತಿಲ್ಲ.

ಆ ಹಾಳೆಯಲ್ಲಿ ಎರಡು ಬಗೆಯ ಪದಗಳು ಸೇರಿರುತ್ತವೆ. ಕೆಲವಕ್ಕೆ ಸೂಚಿಯಲ್ಲಿ ಬೇರೆ ಹೆಸರಿನ ಸಾಲು ಆಗಲೇ ಇರುತ್ತದೆ; ಹೊಸ ಹೆಸರಿನಲ್ಲೊಂದು ಸಾಲು ಸೇರಿಸಿದರೆ ಆಯಿತು. ಇನ್ನು ಕೆಲವು ಸಿಕ್ಕಿದ್ದರೂ, ಪುಟ ತೆರೆದು ನೋಡಿದಾಗ ಅರ್ಥವಾಗಿರುವುದಿಲ್ಲ. ಅಂಥವಕ್ಕೆ ಇನ್ನಷ್ಟು ಸಾಲು ಟೈಪ್ ಮಾಡಿ ಪ್ರಯೋಜನವಿಲ್ಲ, ಆ ಅಧ್ಯಾಯವನ್ನೇ ಮತ್ತೊಮ್ಮೆ ಓದಬೇಕು. ಇವೆರಡೂ ಮುಗಿದ ಮೇಲೆ ಪಟ್ಟಿಯನ್ನು ಮತ್ತೆ ಅಕ್ಷರಕ್ರಮಕ್ಕೆ ತಂದು, ಹಳೆಯ ಪ್ರತಿ ಬದಿಗಿಟ್ಟು, ಹೊಸದನ್ನು ಮುದ್ರಿಸಿ ಎರಡನೇ ಅಭ್ಯಾಸ ಪರೀಕ್ಷೆಗೆ ಕೂರುತ್ತಾರೆ.