ಮುದ್ರಾ ಸಾಲಕ್ಕೆ ಮುಂಗಡ ಕೇಳಿದರೆ ಮೋಸ

ವಾಟ್ಸಾಪ್‌ಗೆ ಒಂದು ಪತ್ರ ಬರುತ್ತದೆ: “ನಿಮಗೆ 5 ಲಕ್ಷದ ಮುದ್ರಾ ಸಾಲ ಮಂಜೂರಾಗಿದೆ.” ಮೇಲೆ ಸರ್ಕಾರದ ಲಾಂಛನ, ಕೆಳಗೆ ಸೀಲು, ಸಹಿ. ಸಿಬಿಲ್ ಸ್ಕೋರ್ ಕೇಳುವುದಿಲ್ಲ, ಅಂಗಡಿ ನೋಡಲು ಯಾರೂ ಬರುವುದಿಲ್ಲ. ಫೋನಿನಲ್ಲಿರುವ ಏಜೆಂಟ್ ಕೇಳುವುದು ಒಂದೇ, ಫೈಲ್ ಚಾರ್ಜ್ 2,500 ರೂಪಾಯಿ.

ಕಟ್ಟಿದಿರಿ ಅನ್ನಿ. ಮರುದಿನ ಇನ್ಶೂರೆನ್ಸ್‌ಗೆಂದು 8,000. ಆಮೇಲೆ ಜಿಎಸ್‌ಟಿ. “ಇದೊಂದು ಕಟ್ಟಿಬಿಡಿ ಸರ್, ಸಂಜೆಗೆ ದುಡ್ಡು ಅಕೌಂಟಿಗೆ ಬೀಳುತ್ತೆ.” ಕೊಟ್ಟಿದ್ದು ಮುಳುಗೀತು ಎಂಬ ಭಯಕ್ಕೇ ಜನ ಮತ್ತೆ ಮತ್ತೆ ಕಟ್ಟುತ್ತಾರೆ. ಈ ವಂಚಕರು ಬದುಕುವುದೇ ಆ ಭಯದ ಮೇಲೆ.

ಗೊತ್ತಿರಲಿ, ಮುದ್ರಾ ಸಂಸ್ಥೆ ಜನರಿಗೆ ನೇರವಾಗಿ ಸಾಲ ಕೊಡುವುದೇ ಇಲ್ಲ. ಕೊಡುವುದು ಬ್ಯಾಂಕು, ಫೈನಾನ್ಸ್ ಸಂಸ್ಥೆಗಳು. ಮುದ್ರಾಕ್ಕೆ ಏಜೆಂಟರೂ ಇಲ್ಲ. ಬ್ಯಾಂಕಿನ ಪ್ರೊಸೆಸಿಂಗ್ ಶುಲ್ಕ ಇದ್ದರೂ ಅದು ಸಾಮಾನ್ಯವಾಗಿ ಸಾಲದ ಮೊತ್ತದಲ್ಲೇ ಕಡಿತವಾಗುತ್ತದೆ, ಯಾರದೋ ಯುಪಿಐಗೆ ಹೋಗುವುದಿಲ್ಲ. ಹಣ ಕಳಿಸುವ ಮುನ್ನ ಪರದೆಯಲ್ಲಿ ಬರುವ ಹೆಸರು ಓದಿ. ಅಲ್ಲಿ ಬ್ಯಾಂಕಿನ ಬದಲು ಯಾರೋ ವ್ಯಕ್ತಿಯ ಹೆಸರಿದ್ದರೆ ಅಲ್ಲೇ ನಿಲ್ಲಿಸಿ. ಪತ್ರದಲ್ಲಿರುವ ನಂಬರಿಗೆ ಫೋನ್ ಮಾಡಿ ವಿಚಾರಿಸಬೇಡಿ, ಹತ್ತಿರದ ಬ್ಯಾಂಕ್ ಶಾಖೆಗೆ ಹೋಗಿ ತೋರಿಸಿ.

ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರಬೇಡಿ, ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಆ ಹಣವನ್ನು ತಡೆಹಿಡಿಯುವ ಅವಕಾಶ ಹೆಚ್ಚು.