ಈ ಸಲ ಹೆಬ್ಬೆಟ್ಟು ಬರಲಿಲ್ಲ

ಅಪ್ಪ-ಅವ್ವನ ಮದುವೆ ದಿನಕ್ಕೆ ಪ್ರತಿವರ್ಷ ಮನೆಯ ವಾಟ್ಸಾಪ್ ಗ್ರೂಪಿಗೆ ಗುಲಾಬಿ ಚಿತ್ರದ ರೆಡಿಮೇಡ್ ಶುಭಾಶಯ ಹಾಕ್ತಿದ್ದೆ. ತ್ಯಾವಣಿಗೆಯಿಂದ ಅಪ್ಪ ಒಂದು ಹೆಬ್ಬೆಟ್ಟು ಒತ್ತಿ ಮುಗಿಸೋರು.

ಈ ಸಲ ತಂಗಿ ತಡೆದಳು. 'ಹೆಸರು ಬದಲಿಸಿದ್ರೆ ಇದು ಯಾರಿಗೆ ಬೇಕಾದ್ರೂ ಹೋಗುತ್ತಲ್ಲ ಅಣ್ಣಾ. ಇವರಿಬ್ಬರಿಗೇ ಸಲ್ಲೋದು ಬರಿ.'

ಮೊದಲು ಅಪ್ಪನ ಗೊರಕೆ ಬಗ್ಗೆ ಬರೆದೆ. ಗ್ರೂಪಿನಲ್ಲಿ ಬೀಗರೂ ಇದ್ದಾರೆ, ಅಳಿಸಿದೆ. ತಮಾಷೆ ಮನೆಯವರಿಗೆ ನಗು ತರಬೇಕು, ಮುಜುಗರ ಅಲ್ಲ. ಆಮೇಲೆ ಇಷ್ಟು ಬರೆದೆ:

'ಅಪ್ಪಾ, ಭದ್ರಾ ನಾಲೆ ನೀರು ಕಟ್ಟೋಕೆ ನೀವು ರಾತ್ರಿ ಗದ್ದೆಗೆ ಹೋದಾಗ ಅವ್ವ ಮಲಗ್ತಿರಲಿಲ್ಲ. ಕೇಳಿದ್ರೆ, ಬೆಕ್ಕು ಹಾಲು ಕುಡಿದೀತು ಅಂತ ಕಾಯ್ತಿದೀನಿ ಅನ್ನೋಳು. ನಮ್ಮನೇಲಿ ರಾತ್ರಿಗೆ ಹಾಲು ಉಳಿದಿದ್ದೇ ಇಲ್ಲ. ಇಬ್ಬರಿಗೂ ಮದುವೆ ದಿನದ ಶುಭಾಶಯ.'

ಹೆಬ್ಬೆಟ್ಟು ಬರಲಿಲ್ಲ, ಫೋನೇ ಬಂತು. 'ಲೇ, ಅವಳು ಎಚ್ಚರ ಇರ್ತಿದ್ಲಾ?'

ಹಿಂದಿನಿಂದ ಅವ್ವನ ದನಿ: 'ಬೆಕ್ಕು ಇತ್ತು ಕಣ್ರೀ.'