ಕಮೋಡ್ ಅಲುಗಾಡದಂತೆ ಕೂರಿಸುವುದು

ಬಚ್ಚಲುಮನೆಯ ನೆಲ ಮಟ್ಟಸವಾಗಿರುವುದಿಲ್ಲ, ಇರಲೂಬಾರದು. ನೀರು ಜಾಲರಿಯ ಕಡೆಗೆ ಹರಿಯಲೆಂದು ಗಾರೆಯವರು ಬೇಕೆಂದೇ ವಾಟ ಕೊಟ್ಟಿರುತ್ತಾರೆ. ನೂರು ಸೆಂಟಿಮೀಟರಿಗೆ ಒಂದು ಸೆಂಟಿಮೀಟರಿನಷ್ಟು ಇಳಿಜಾರೆಂದರೂ, ಕಮೋಡಿನ ತಳದ ಉದ್ದಕ್ಕೆ 4 ಮಿ.ಮೀ. ವ್ಯತ್ಯಾಸ ಬಂತು. ಇದರ ಜೊತೆಗೆ ಟೈಲ್ಸಿನ ಅಂಚುಗಳು ಒಂದಕ್ಕೊಂದು ಕೂದಲೆಳೆಯಷ್ಟು ಮೇಲೆ ಕೆಳಗೆ ಇರುತ್ತವೆ. ಭಟ್ಟಿಯಲ್ಲಿ ಬೇಯುವಾಗ ಪಿಂಗಾಣಿಯ ತಳವೂ ತುಸು ಸೊಟ್ಟಗಾಗಿರುವುದುಂಟು. ಹೊಸ ಕಮೋಡ್ ತಂದಿಟ್ಟ ಕೂಡಲೇ ಅದು ಒಂದು ಮೂಲೆಗೆ ವಾಲಿ ಕುಟುಕುಟು ಎನ್ನುವುದು ಇದರಿಂದಲೇ.

ಆಗ ನಮ್ಮಲ್ಲಿ ಮಾಡುವ ಉಪಾಯ ವೈಟ್ ಸಿಮೆಂಟ್. ತಳದ ಸುತ್ತ ಮೆತ್ತಿ, ಒರೆಸಿ, ಮಾರನೆಯ ದಿನದಿಂದ ಬಳಸಿ ಎಂದು ಹೇಳಿ ಹೋಗುತ್ತಾರೆ. ಸಿಮೆಂಟ್ ಗಟ್ಟಿಯಾಗುತ್ತದೆ, ಆದರೆ ಬಾಗುವುದಿಲ್ಲ. ಜನ ಕೂತು ಏಳುವ ಭಾರಕ್ಕೆ ವರ್ಷವೊಪ್ಪತ್ತಿನಲ್ಲಿ ಸಣ್ಣ ಬಿರುಕು ಬಿಟ್ಟು, ಅದರೊಳಗೆ ನೀರು ಇಳಿಯುತ್ತದೆ. ಮುಂದೆ ಕಮೋಡ್ ತೆಗೆಯಬೇಕಾಗಿ ಬಂದರೆ ಒಡೆಯದೆ ತೆಗೆಯುವುದು ಕಷ್ಟ. ಈ ಪದ್ಧತಿ ಬಿಡಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಸರಿಯಾದ ಕೆಲಸ ಮೇಣ ಹಚ್ಚುವ ಮೊದಲೇ ಶುರುವಾಗುತ್ತದೆ. ಕಮೋಡನ್ನು ಹಾಗೆಯೇ ಜಾಗದಲ್ಲಿಟ್ಟು, ಅಂಚಿನ ಮೇಲೆ ರಸಮಟ್ಟವನ್ನು ಒಮ್ಮೆ ಅಡ್ಡಕ್ಕೆ, ಒಮ್ಮೆ ಉದ್ದಕ್ಕೆ ಇಟ್ಟು ನೋಡಬೇಕು. ಗುಳ್ಳೆ ನಡುವಿಗೆ ಬರುವವರೆಗೆ ತಗ್ಗಿರುವ ಕಡೆ ತೆಳ್ಳನೆಯ ಪ್ಲಾಸ್ಟಿಕ್ ಬಿಲ್ಲೆಗಳನ್ನು ತೂರಿಸಬೇಕು. ಮರದ ಚಕ್ಕೆ ಬೇಡ, ನೆನೆದು ಕೊಳೆಯುತ್ತದೆ. ಕೈಯಿಂದ ಅಲುಗಾಡಿಸಿದರೆ ಸ್ಕ್ರೂ ಇಲ್ಲದೆಯೂ ಕದಲಬಾರದು. ಸ್ಕ್ರೂ ಬಿಗಿದರೆ ಅಲುಗಾಟ ತಾನಾಗಿ ನಿಲ್ಲುತ್ತದೆಂದು ನಂಬುವವರಿದ್ದಾರೆ. ಕೆಳಗೆ ಪೊಳ್ಳಿರುವ ಕಡೆ ಬಿಗಿದರೆ ಪಿಂಗಾಣಿ ಬಗ್ಗುವುದಿಲ್ಲ, ಸ್ಕ್ರೂ ತೂತಿನಿಂದಲೇ ಸೀಳುತ್ತದೆ.

ಮಟ್ಟ ಸಿಕ್ಕ ಮೇಲೆ ತಳದ ತೂತುಗಳಲ್ಲಿ ಪೆನ್ಸಿಲ್ ಇಳಿಸಿ ಗುರುತು ಮಾಡಿ, ಸುತ್ತಲೂ ಗೆರೆ ಎಳೆದು, ಕಮೋಡನ್ನು ಪಕ್ಕಕ್ಕಿಡಿ. ಬಿಲ್ಲೆಗಳ ಜಾಗವನ್ನೂ ಗುರುತಿಸಿ, ಜರುಗದಂತೆ ಅಂಟಿಸಿಡಿ. ಡ್ರಿಲ್‌ನ ಸುತ್ತಿಗೆ ಹೊಡೆತವನ್ನು ಟೈಲ್ ದಾಟುವವರೆಗೆ ಆಫ್ ಮಾಡಿರಬೇಕು. ಪ್ಲಾಸ್ಟಿಕ್ ಪ್ಲಗ್ ಕೆಳಗಿನ ಕಾಂಕ್ರೀಟಿನಲ್ಲಿ ಕಚ್ಚಬೇಕು, ಟೈಲ್‌ನಲ್ಲಿ ಅಲ್ಲ. ಕೆಳಗೆ ನೀರಿನ ಪೈಪ್ ಹಾದುಹೋಗಿದೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಿ. ಧೂಳು ಊದಿ ತೆಗೆದು, ತೂತಿಗೆ ಸ್ವಲ್ಪ ಸಿಲಿಕೋನ್ ಬಿಟ್ಟು ಪ್ಲಗ್ ಹೊಡೆದರೆ ಅಲ್ಲಿಂದ ನೀರು ಇಳಿಯುವುದಿಲ್ಲ. ಸ್ಕ್ರೂ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಹಿತ್ತಾಳೆಯದಾಗಿರಲಿ. ಕಬ್ಬಿಣದ್ದು ಆಸಿಡ್ ತೊಳೆತಕ್ಕೆ ತುಕ್ಕು ಹಿಡಿಯುತ್ತದೆ.

ಇನ್ನು ಮೇಣದ ರಿಂಗ್. ಕಮೋಡಿನ ಕೆಳಬಾಯಿ ಮತ್ತು ನೆಲದ ಪೈಪಿನ ನಡುವೆ ಅದು ಒತ್ತಿಕೊಂಡು, ಕೊಳಚೆಯನ್ನೂ ವಾಸನೆಯನ್ನೂ ತಡೆಯುತ್ತದೆ. ಒಮ್ಮೆ ಒತ್ತಿದ ಮೇಣ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಕಮೋಡನ್ನು ನೇರವಾಗಿ ಒಂದೇ ಸಲಕ್ಕೆ ಇಳಿಸಬೇಕು, ಇಳಿಸಿದ ಮೇಲೆ ಎತ್ತಿದರೆ ರಿಂಗ್ ಬದಲಾಯಿಸಲೇಬೇಕು. ಅಲುಗಾಡುವ ಕಮೋಡ್ ಸೋರುವುದೂ ಇದೇ ಕಾರಣಕ್ಕೆ: ಪ್ರತಿ ವಾಲುವಿಕೆಗೂ ಮೇಣದ ಒಂದು ಬದಿ ಬಿಟ್ಟುಕೊಳ್ಳುತ್ತದೆ.

ಹಳೆಯ ಟೈಲ್ಸಿನ ಮೇಲೆಯೇ ಹೊಸದನ್ನು ಹಾಸಿದ ಮನೆಗಳಲ್ಲಿ ಇನ್ನೊಂದು ತೊಂದರೆ. 10 ಮಿ.ಮೀ. ಟೈಲ್, 5 ಮಿ.ಮೀ. ಅಂಟು ಎಂದರೆ ನೆಲ ಒಂದೂವರೆ ಸೆಂಟಿಮೀಟರ್ ಏರಿತು. ಪೈಪಿನ ಬಾಯಿ ಅಲ್ಲೇ ಉಳಿಯಿತು. ಎರಡು ಸೆಂಟಿಮೀಟರಿನ ರಿಂಗ್ ಈಗ ಮೇಲ್ಮೇಲೆ ತಾಗುತ್ತದೆಯೇ ಹೊರತು ಒತ್ತುವುದಿಲ್ಲ. ಮೊದಲ ದಿನ ಏನೂ ಕಾಣದು. ಕೆಲವು ತಿಂಗಳಲ್ಲಿ ಕೆಳಮನೆಯ ಚಾವಣಿಯಲ್ಲಿ ಹಳದಿ ಕಲೆ ಮೂಡುತ್ತದೆ. ಟೈಲ್ಸ್ ಹಾಸುವ ಮೊದಲೇ ಪೈಪಿಗೆ ತುಂಡು ಜೋಡಿಸಿ ಹೊಸ ನೆಲದ ಮಟ್ಟಕ್ಕೆ ತರಬೇಕು. ಆಗಿಹೋಗಿದ್ದರೆ ದಪ್ಪನೆಯ ರಿಂಗ್ ಬೇಕು.

ಮೇಣದ ಬದಲು ಸಿಲಿಕೋನ್ ಹಾಕಬಹುದೇ? ಎರಡೂ ಬಾಯಿ ಪೂರ್ತಿ ಒಣಗಿದ್ದು, ಒಂದು ದಿನ ಬಳಸದೆ ಬಿಟ್ಟರೆ ಹಿಡಿಯುತ್ತದೆ. ಆದರೆ ಬಳಕೆಯಲ್ಲಿರುವ ಪೈಪಿನ ಬಾಯಿ ಒಣಗಿರುವುದೇ ಅಪರೂಪ, ಒದ್ದೆಯ ಮೇಲೆ ಸಿಲಿಕೋನ್ ಅಂಟುವುದಿಲ್ಲ. ಅದರ ಸರಿಯಾದ ಜಾಗ ತಳದ ಸುತ್ತಲಿನ ಸಂದು.

ಕಮೋಡ್ ಕೂತ ಮೇಲೆ ಪ್ಲಾಸ್ಟಿಕ್ ವಾಷರ್ ಇಟ್ಟು, ಎಡಕ್ಕೆ ಅರ್ಧ ಸುತ್ತು, ಬಲಕ್ಕೆ ಅರ್ಧ ಸುತ್ತಿನಂತೆ ಕೈ ಬಲದಲ್ಲಷ್ಟೇ ಬಿಗಿಯಿರಿ. ರಸಮಟ್ಟವನ್ನು ಮತ್ತೊಮ್ಮೆ ನೋಡಿ. ನಾಲ್ಕೈದು ಸಲ ಫ್ಲಶ್ ಮಾಡಿ, ತಳದ ಸುತ್ತ ಒಣ ಟಿಶ್ಯೂ ಕಾಗದ ಒತ್ತಿ. ಅದು ಒಣಗಿಯೇ ಇದ್ದರೆ ಮಾತ್ರ ನೆಲ ಒರೆಸಿ ಸಿಲಿಕೋನ್ ಎಳೆಯಿರಿ, ಹಿಂಬದಿಯಲ್ಲಿ ಎರಡು ಬೆರಳಗಲ ಬಿಟ್ಟು. ಒಳಗೆ ಸೋರಿದರೆ ನೀರು ಆ ಸಂದಿಯಿಂದಲೇ ಹೊರಗೆ ಕಾಣಿಸಿಕೊಳ್ಳುತ್ತದೆ. ಆಗ ಅಲ್ಲಿಯೂ ಸಿಲಿಕೋನ್ ತುಂಬಿ ಮುಚ್ಚಬೇಡಿ. ಕಮೋಡ್ ಎತ್ತಿಸಿ ರಿಂಗ್ ಬದಲಾಯಿಸಿ.